ಮೂರು ಸಲ ಔಷಧಿ ಹೊಡೆಸಿದ ತೋಟದಲ್ಲೇ ಕೊಳೆ ಜಾಸ್ತಿಯಂತೆ!

ತೀರ್ಥಹಳ್ಳಿಯಿಂದ ಭದ್ರಾವತಿವರೆಗಿನ ಅಡಿಕೆ ತೋಟಗಳ ಸಮೀಕ್ಷೆಯೊಂದು ನನ್ನ ಕೈಗೆ ಬಂದಿತ್ತು. ಎರಡು ಸಲ ಬೋರ್ಡೋ ಔಷಧಿ ಹೊಡೆಸಿದವರಿಗಿಂತ ಮೂರು ಸಲ ಹೊಡೆಸಿದವರ ತೋಟದಲ್ಲೇ ಕಾಯಿ ಉದುರಿಸುವ ಕೊಳೆರೋಗ ಜಾಸ್ತಿ ಎಂದಿತ್ತು. ಕೊನೆಗೆ, ಮೂರನೆಯದು ದಂಡ ಎಂಬ ತೀರ್ಮಾನ. ಎಣಿಕೆಯ ಬಗ್ಗೆ ನನಗೆ ತಕರಾರಿಲ್ಲ. ತೀರ್ಮಾನದ ಬಗ್ಗೆ ಇತ್ತು.

ಇಂಥ ವರದಿ ಓದುವಾಗ ನಾನು ಮೊದಲು ಕೇಳುವುದು, ಮೂರನೇ ಸಲ ಹೊಡೆಸಿದವರು ಯಾರು, ಯಾಕೆ ಹೊಡೆಸಿದರು ಅಂತ. ಸಮೀಕ್ಷೆಯವರು ಯಾರಿಗೂ ಹೊಡೆಸಿ ಎಂದಿರಲಿಲ್ಲ. ಅದು ಬೆಳೆಗಾರರದೇ ನಿರ್ಧಾರ. ಆಗುಂಬೆ ಕಡೆ ಮಳೆ ಬಿಡುವುದೇ ಕಷ್ಟ, ಭದ್ರಾವತಿ ಕಡೆ ಅಷ್ಟಿಲ್ಲ. ಬಿಡದ ಮಳೆಯಲ್ಲಿ ಕೊಳೆ ಬೇಗ ಹರಡುತ್ತದೆ. ಅದೇ ಮಳೆಗೆ ಹೆದರಿ ಜನ ಇನ್ನೊಂದು ಸಲ ಹೊಡೆಸುತ್ತಾರೆ. ಅಂದರೆ ರೋಗಕ್ಕೂ ಮಳೆಯೇ ಕಾರಣ, ಮೂರನೇ ಔಷಧಿಗೂ ಮಳೆಯೇ ಕಾರಣ.

ಹಾಗಾಗಿ ತೋಟಗಳನ್ನು ಮಳೆ ಪ್ರಕಾರ ಬೇರೆ ಮಾಡಿ ನೋಡಿದೆ. ಇದರಿಂದ ಏನಾಗುತ್ತದೆ ಅನ್ನೋದಕ್ಕೆ ಒಂದು ಕಾಲ್ಪನಿಕ ಲೆಕ್ಕ ಹೇಳುತ್ತೇನೆ. ಜೋರು ಮಳೆಯ ಕಡೆ 100 ತೋಟ. ಮೂರು ಸಲ ಹೊಡೆಸಿದ 80ರಲ್ಲಿ 32ಕ್ಕೆ ಕೊಳೆ, ಎರಡೇ ಸಲದ 20ರಲ್ಲಿ 12ಕ್ಕೆ. ಕಡಿಮೆ ಮಳೆಯ ಕಡೆಯೂ 100. ಮೂರು ಸಲದ 20ರಲ್ಲಿ 1ಕ್ಕೆ, ಎರಡು ಸಲದ 80ರಲ್ಲಿ 8ಕ್ಕೆ. ಎಲ್ಲ ಕೂಡಿಸಿದರೆ ಮೂರು ಸಲದವರಲ್ಲಿ ನೂರಕ್ಕೆ 33, ಎರಡು ಸಲದವರಲ್ಲಿ 20. ಔಷಧಿಯೇ ರೋಗ ತಂದ ಹಾಗೆ ಕಾಣುತ್ತದೆ ಅಲ್ವಾ? ಬಿಡಿಸಿ ನೋಡಿ: ಜೋರು ಮಳೆಯಲ್ಲಿ ನೂರಕ್ಕೆ 40 ಮತ್ತು 60, ಕಡಿಮೆ ಮಳೆಯಲ್ಲಿ 5 ಮತ್ತು 10. ಎರಡೂ ಕಡೆ ಮೂರು ಸಲದವರೇ ಮೇಲು.

ಇಷ್ಟಕ್ಕೇ ನಾನು ನಿಲ್ಲಿಸಲಿಲ್ಲ. ವರದಿಯಲ್ಲಿ ರೋಗ ಬಂತೇ ಇಲ್ಲವೇ ಅಂತಷ್ಟೇ ಇತ್ತು, ಯಾವಾಗ ಬಂತು ಅಂತ ಇರಲಿಲ್ಲ. ಕೆಲವು ಬೆಳೆಗಾರರಿಗೆ ಫೋನ್ ಮಾಡಿದೆ. ಒಬ್ಬರು ನಕ್ಕರು: "ಕಾಯಿ ಉದುರೋಕೆ ಶುರುವಾಯ್ತಲ್ಲ ಮಾರಾಯ್ರೆ, ಅದಕ್ಕೇ ಹೊಡೆಸಿದ್ದು. ಇಲ್ದಿದ್ರೆ ಆ ಮಳೇಲಿ ಕೊನೆಗಾರರನ್ನ ಯಾರು ಹುಡುಕ್ತಾರೆ?" ಇಲ್ಲಿ ರೋಗ ಮೊದಲು, ಔಷಧಿ ಆಮೇಲೆ. ಮಳೆ ಪ್ರಕಾರ ಬಿಡಿಸಿದರೂ ಈ ತೊಡಕು ಹೋಗುವುದಿಲ್ಲ. ಮೂರನೇ ಸಲ ಹೊಡೆಸುವ ಹೊತ್ತಿಗೆ ಕೊಳೆ ಕಾಣದಿದ್ದ ತೋಟಗಳನ್ನು ಮಾತ್ರ ತೆಗೆದುಕೊಂಡು, ಅಲ್ಲಿಂದ ಮುಂದಿನದನ್ನು ಎಣಿಸಬೇಕು.

ತಪ್ಪು ಇನ್ನೊಂದು ದಿಕ್ಕಿಗೂ ಎಳೆಯಬಹುದು. ರೋಗ ಕಾಣುವ ಮೊದಲೇ ಮೂರನೇ ಸಲ ಹೊಡೆಸುವವರು ಸಾಮಾನ್ಯವಾಗಿ ಬಸಿಗಾಲುವೆ ಬಿಡಿಸುತ್ತಾರೆ, ಉದುರಿದ ಕಾಯಿ ಹೆಕ್ಕಿ ಹೊರಗೆ ಹಾಕುತ್ತಾರೆ. ಅವರ ತೋಟ ಚೆನ್ನಾಗಿದ್ದರೆ ಪೂರ್ತಿ ಹೆಸರು ಔಷಧಿಗೇ ಕೊಡುವ ಹಾಗಿಲ್ಲ. ಕಾಲುವೆಯ ಬಗ್ಗೆ ಸಮೀಕ್ಷೆಯಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ. ಕೇಳದ್ದನ್ನು ಆಮೇಲೆ ಯಾವ ಲೆಕ್ಕದಿಂದಲೂ ಸರಿ ಮಾಡಲಾಗದು.

ವರದಿ ಕಳಿಸಿದವರಿಗೆ ಇಷ್ಟು ಬರೆದೆ: ಮೂರನೆಯದು ದಂಡ ಅಂತ ಈ ಅಂಕಿಯಿಂದ ಹೇಳಲಾಗದು, ಅದೇ ಕಾಪಾಡಿತು ಅಂತಲೂ ಹೇಳಲಾಗದು. ಗೊತ್ತಾಗಲೇಬೇಕಾದರೆ ಒಂದೇ ಸೀಮೆಯ ತೋಟಗಳಲ್ಲಿ ಯಾರಿಗೆ ಮೂರನೆಯದು ಅಂತ ಚೀಟಿ ಎತ್ತಿ ನಿರ್ಧರಿಸಿ. ರೋಗ ಕಾಣುವ ಮೊದಲೇ ಎತ್ತಿ.