ಸ್ಪ್ಯಾನಿಷ್‌ನಲ್ಲಿ ಸಂತಾಪ ಬರೆಯುವಾಗ

ತಂದೆಯನ್ನು ಕಳೆದುಕೊಂಡ ಮ್ಯಾಡ್ರಿಡ್‌ನ ಗೆಳತಿಗೆ ಸಂತಾಪ ಬರೆಯಲು ಕೂತಾಗ ನಿಘಂಟಿನಲ್ಲಿ ಮೊದಲು ಸಿಗುವುದು ‘ಮಿ ಮಾಸ್ ಸೆಂತಿದೊ ಪೆಸಾಮೆ’ ಎಂಬ ಮಾತು. ಅದು ತಪ್ಪಲ್ಲ, ಆದರೆ ಕಚೇರಿಯ ಹಿರಿಯರಿಗೋ ಅಷ್ಟಾಗಿ ಪರಿಚಯವಿಲ್ಲದವರಿಗೋ ಒಪ್ಪುವ ಆ ಮಾತು ಆಪ್ತರ ಕಿವಿಗೆ ತುಸು ದೂರದ್ದಾಗಿ ಕೇಳಿಸುತ್ತದೆ.

ಗೆಳತಿಗೆ ‘ಸಿಯೆಂತೊ ಮುಚೊ ಲೊ ದೆ ತು ಪಾದ್ರೆ’ ಎಂದು ಬರೆಯಿರಿ. ‘ನಿನ್ನ ತಂದೆಯ ವಿಷಯ ತಿಳಿದು ಬಹಳ ನೋವಾಯಿತು’ ಎಂಬ ಭಾವದ ಈ ವಾಕ್ಯದಲ್ಲಿ ‘ಲೊ ದೆ’ ಎಂಬುದು ಸಾವು ಎಂಬ ಪದವನ್ನು ಉಚ್ಚರಿಸದೆಯೇ ಅದನ್ನು ಸೂಚಿಸುತ್ತದೆ, ಸಂಯಮವಿರುವುದು ಅಲ್ಲಿಯೇ. ‘ಲೊ ಸಿಯೆಂತೊ’ ರೂಢಿಯಾಗಿರುವ ನಮ್ಮಂಥ ಕಲಿಯುವವರು ಇಲ್ಲಿಯೂ ಆರಂಭಕ್ಕೆ ಇನ್ನೊಂದು ‘ಲೊ’ ಸೇರಿಸಿಬಿಡುತ್ತೇವೆ, ಅದು ವ್ಯಾಕರಣದೋಷ. ‘ತು’ ಎಂದರೆ ಏಕವಚನದ ‘ನಿನ್ನ’. ‘ನಿಮ್ಮ’ ಎಂಬ ಗೌರವದ ‘ಸು’ ಬಳಸಿದರೆ ಸಲುಗೆ ಕಳೆದುಹೋಗುತ್ತದೆ.

ಅನಂತರ ತಂದೆಯವರ ಬಗ್ಗೆ ನಿಮಗೆ ನಿಜವಾಗಿ ನೆನಪಿರುವ ಒಂದೇ ಸಂಗತಿ ಸಾಕು: ‘ರೆಕುಯೆರ್ದೊ ಸು ರಿಸಾ’, ಅಂದರೆ ಅವರ ನಗು ನೆನಪಿದೆ. ಇಲ್ಲಿನ ‘ಸು’ ತಂದೆಯನ್ನು ಕುರಿತ ‘ಅವರ’. ಕಾರಣ ಕೇಳಬೇಡಿ, ವೇದಾಂತ ಹೇಳಬೇಡಿ. ಅವಳಿಗೆ ಉತ್ತರಿಸುವ ಭಾರ ತಪ್ಪಲೆಂದು ‘ನೊ ಆಸೆ ಫಾಲ್ತಾ ಕೆ ಕೊಂತೆಸ್ತೆಸ್’ ಎಂದು ಸೇರಿಸಿ, ‘ಉನ್ ಅಬ್ರಾಸೊ ಮುಯ್ ಫುಯೆರ್ತೆ’ ಎಂಬ ಬಿಗಿಯಪ್ಪುಗೆಯೊಂದಿಗೆ ಸಹಿ ಮಾಡಿ.