ಬೀಥೋವನ್‌ಗೆ ಆಗ ಆರೋ, ಏಳೋ?

ಪಾಶ್ಚಾತ್ಯ ಸಂಗೀತಗಾರರ ಬಗ್ಗೆ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಪುಸ್ತಕ ಬರುತ್ತಿತ್ತು. ಅದರಲ್ಲಿರುವ ಇಸವಿ, ವಯಸ್ಸು, ಊರು ಎಲ್ಲ ಸರಿಯಿದೆಯಾ ಎಂದು ನೋಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬೀಥೋವನ್ ಅಧ್ಯಾಯದ ಮೊದಲ ಪುಟದಲ್ಲೇ 'ಆರನೇ ವಯಸ್ಸಿಗೆ ಮೊದಲ ಕಛೇರಿ' ಎಂದಿತ್ತು. ಎರಡು ಪುಟ ದಾಟಿದರೆ '1770ರಲ್ಲಿ ಹುಟ್ಟಿದ', 'ಕಛೇರಿ 1778ರ ಮಾರ್ಚ್‌ನಲ್ಲಿ' ಎಂದಿತ್ತು. ಕೂಡಿ ಕಳೆದರೆ ಹೊಂದಲ್ಲ. ಸಂಪಾದಕರಿಗೆ ಫೋನ್ ಮಾಡಿದೆ. "ಆರೋ ಏಳೋ, ಹಾಕ್ಬಿಡಿ ಸರ್, ಯಾರು ನೋಡ್ತಾರೆ?" ಅಂದರು. ನೋಡುವವನು ನಾನೇ ಆಗಿದ್ದರಿಂದ ಬಿಡೋಕೆ ಆಗಲಿಲ್ಲ.

'ಆರು' ಎಂಬುದು ಎಲ್ಲಿಂದ ಬಂತು ಎನ್ನುವುದು ಬೇಗ ಸಿಕ್ಕಿತು. 1778ರ ಮಾರ್ಚ್ 26ರಂದು ಕೊಲೋನ್ ನಗರದಲ್ಲಿ ನಡೆದ ಕಛೇರಿಗೆ ಒಂದು ಪ್ರಕಟಣೆ ಹೊರಟಿತ್ತು. ಹೊರಡಿಸಿದವರು ಅಪ್ಪ ಯೋಹಾನ್, ಬಾನ್ ಆಸ್ಥಾನದ ಗಾಯಕ. ತನ್ನ ಇಬ್ಬರು ಶಿಷ್ಯರನ್ನು ಜನರ ಮುಂದೆ ತರುತ್ತಿದ್ದೇನೆ, ಒಬ್ಬಳು ಆಸ್ಥಾನದ ಗಾಯಕಿ, ಇನ್ನೊಬ್ಬ 'ಆರು ವರ್ಷದ ನನ್ನ ಪುಟ್ಟ ಮಗ', ಅವನು ಕೀಲಿಮಣೆಯ ಕನ್ಸರ್ಟೊಗಳನ್ನೂ ಟ್ರಿಯೊಗಳನ್ನೂ ನುಡಿಸುತ್ತಾನೆ ಎಂದು ಅದರಲ್ಲಿದೆ. ಇದನ್ನು ಓದಿದ ಕೂಡಲೇ ನಾನು ಮಾಡಿಕೊಂಡ ಟಿಪ್ಪಣಿ ಇಷ್ಟೇ: ಇದು ವರದಿಯಲ್ಲ, ಜಾಹೀರಾತು. ಟಿಕೆಟ್ ಮಾರುವವನೇ ವಯಸ್ಸು ಹೇಳುತ್ತಿದ್ದಾನೆ.

ಇಂಥ ಕಡೆ ನಾನು ಸುಮ್ನೆ 'ಸುಳ್ಳು' ಎಂದು ಹೊಡೆದು ಹಾಕುವುದಿಲ್ಲ. ಆ ಹೇಳಿಕೆ ನಿಜ ಎಂದೇ ಇಟ್ಟುಕೊಂಡು, ಹಾಗಾದರೆ ಮಗು ಯಾವಾಗಿನಿಂದ ಯಾವಾಗಿನವರೆಗೆ ಹುಟ್ಟಿರಬಹುದು ಎಂದು ಲೆಕ್ಕ ಹಾಕುತ್ತೇನೆ. 1778ರ ಮಾರ್ಚ್ 26ಕ್ಕೆ ಆರು ತುಂಬಿ ಏಳು ತುಂಬಿರಬಾರದು ಎಂದರೆ, ಹುಟ್ಟಿದ್ದು 1771ರ ಮಾರ್ಚ್ ಕೊನೆಯಿಂದ 1772ರ ಮಾರ್ಚ್ ಕೊನೆಯೊಳಗೆ ಇರಬೇಕು. ಒಂದೊಂದು ಹಳೆಯ ಹೇಳಿಕೆಗೂ ಹೀಗೆ ಒಂದು ಅವಧಿ ಬರೆದುಕೊಳ್ಳುತ್ತಾ ಹೋಗುತ್ತೇನೆ.

ಮುಂದಿನದು 1783ರ ಮಾರ್ಚ್ 2ರ ಬರಹ. ಹುಡುಗನ ಗುರು ನೇಫೆ ಒಂದು ಸಂಗೀತ ಪತ್ರಿಕೆಗೆ ಬಾನ್ ಆಸ್ಥಾನದ ಸುದ್ದಿ ಕಳಿಸುತ್ತಾ 'ಹನ್ನೊಂದು ವರ್ಷದ ಹುಡುಗ, ಇವನು ಎರಡನೇ ಮೊಜಾರ್ಟ್ ಆಗಬಲ್ಲ' ಎಂಬ ಅರ್ಥದ ಮಾತು ಬರೆದರು. ಲೆಕ್ಕ ಹಾಕಿದರೆ ಹುಟ್ಟು 1771ರ ಮಾರ್ಚ್‌ನಿಂದ 1772ರ ಮಾರ್ಚ್‌ನೊಳಗೆ. ಅದೇ ವರ್ಷ ಮೂರು ಸೊನಾಟಾಗಳು ಅಚ್ಚಾದವು. ಅರಸನಿಗೆ ಬರೆದ ಅರ್ಪಣೆಯೊಂದಿಗೆ ಅವು ಹೊರಬಂದದ್ದು ಅಕ್ಟೋಬರ್ ಮಧ್ಯದ ಹೊತ್ತಿಗೆ. ಅಲ್ಲೂ ವಯಸ್ಸು ಹನ್ನೊಂದೇ. ಇದರ ಪ್ರಕಾರ ಹುಟ್ಟು 1771ರ ಅಕ್ಟೋಬರ್ ಮಧ್ಯದಿಂದ 1772ರ ಅಕ್ಟೋಬರ್ ಮಧ್ಯದೊಳಗೆ. ಇವಕ್ಕೂ ಮೊದಲು, 1782ರಲ್ಲಿ ಅಚ್ಚಾದ ವೇರಿಯೇಶನ್‌ಗಳ ಮುಖಪುಟದಲ್ಲಿ 'ಹತ್ತು ವರ್ಷ' ಎಂದಿದೆ. ಅದನ್ನು ನಾನು ಪಕ್ಕಕ್ಕಿಟ್ಟೆ. ಅಚ್ಚಾದ ತಿಂಗಳು ಕೈಗೆ ಸಿಗದಿದ್ದರೆ ಅವಧಿ ಎರಡು ವರ್ಷದಷ್ಟು ಅಗಲವಾಗುತ್ತದೆ. ಅಲ್ಲದೆ ಆ ವಯಸ್ಸು ಅಚ್ಚಾದಾಗಿನದೋ, ರಚಿಸಿದಾಗಿನದೋ ಎಂಬ ಅನುಮಾನ ಬೇರೆ.

ಈಗ ಮೂರೂ ಅವಧಿಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ. ಮೂರಕ್ಕೂ ಒಪ್ಪುವ ಜಾಗ ಒಂದಿದೆ: 1771ರ ಅಕ್ಟೋಬರ್ ಮಧ್ಯದಿಂದ 1772ರ ಮಾರ್ಚ್ ಮೊದಲ ದಿನಗಳವರೆಗೆ. 1771ರ ಡಿಸೆಂಬರ್‌ನಲ್ಲಿ ಹುಟ್ಟಿದ ಎಂದುಕೊಂಡರೆ ಎಲ್ಲವೂ ಲಕ್ಷಣವಾಗಿ ಕೂರುತ್ತದೆ. ಮೂರು ಸಾಕ್ಷಿ, ಮೂವರೂ ಒಂದೇ ಮಾತು. ನಂಬಿಬಿಡಬಹುದು ಅನ್ನಿಸುತ್ತೆ, ಅಲ್ವಾ?

ಆದರೆ ಆ ಮೂವರಿಗೂ ವಯಸ್ಸು ಹೇಳಿದವರು ಯಾರು? ಜಾಹೀರಾತು ಅಪ್ಪನದು. ಗುರುವಿಗೆ ಹುಡುಗನ ವಯಸ್ಸು ಆ ಮನೆಯಿಂದಲೇ ಗೊತ್ತಾಗಿರಬೇಕು. ಅರ್ಪಣೆಯೂ ಅದೇ ಬಳಗದಿಂದ ಹೊರಟದ್ದು. ಒಂದೇ ಮನೆಯಿಂದ ಹೊರಟ ಸಂಖ್ಯೆ ವರ್ಷ ವರ್ಷ ಒಂದೊಂದು ಕೂಡಿಕೊಂಡು ಹೋದರೆ ಹೊಂದಿಕೆ ತಾನಾಗಿ ಬರುತ್ತದೆ. ಒಮ್ಮೆ ಒಂದು ವರ್ಷ ಕತ್ತರಿಸಿದವರು ಮುಂದಿನ ಸಲವೂ ಅಷ್ಟೇ ಕತ್ತರಿಸಲೇಬೇಕು, ಇಲ್ಲದಿದ್ದರೆ ಸಿಕ್ಕಿಬೀಳುತ್ತಾರೆ. ಹಾಗಾಗಿ ಬಾಲಪ್ರತಿಭೆಗಳ ವಿಷಯದಲ್ಲಿ ಎಷ್ಟು ಪತ್ರಿಕೆಗಳು ಒಪ್ಪುತ್ತವೆ ಎಂದು ನಾನು ಎಣಿಸುವುದಿಲ್ಲ. ಆ ಮನೆಯ ಮಾತು ಕೇಳದೆ ಬರೆದ ಕಾಗದ, ಅಥವಾ ಹುಡುಗ ಚಿಕ್ಕವನಿದ್ದರೆ ಯಾರಿಗೂ ಲಾಭವಿಲ್ಲದ ಕಾಗದ ಯಾವುದಾದರೂ ಇದೆಯಾ ಎಂದು ಹುಡುಕುತ್ತೇನೆ.

ಅಂಥದ್ದು ಎರಡು ಸಿಕ್ಕವು. ಮೊದಲನೆಯದು 1784ರಲ್ಲಿ ಹೊಸ ಅರಸ ಬಂದಾಗ ಆಸ್ಥಾನದ ಸಂಗೀತಗಾರರ ಬಗ್ಗೆ ಬರೆಸಿದ ಪಟ್ಟಿ. ಯಾರು, ಎಷ್ಟು ವಯಸ್ಸು, ಎಷ್ಟು ಸಂಬಳ ಎಂದು ಲೆಕ್ಕ ತೆಗೆದ ಆಫೀಸು ಕಾಗದ ಅದು. ಅದರಲ್ಲಿ ನಮ್ಮ ಹುಡುಗ ಲುಡ್ವಿಗ್‌ನ ವಯಸ್ಸು ಹದಿಮೂರು, ಎರಡು ವರ್ಷದ ಸೇವೆ, ಸಂಬಳ ಇಲ್ಲ. ಹಿಂದಿನ ಅಕ್ಟೋಬರ್‌ನಲ್ಲಿ ಹನ್ನೊಂದು ಇದ್ದ ಹುಡುಗನಿಗೆ ವರ್ಷ ತುಂಬುವುದರೊಳಗೆ ಹದಿಮೂರು! ಸಂಬಳಕ್ಕೆ ಸೇರಿಸಬೇಕಾದ ಹುಡುಗ ಚಿಕ್ಕವನಾಗಿ ಕಂಡರೆ ನಷ್ಟವೇ ಹೊರತು ಲಾಭವಿಲ್ಲ. 1770ರ ಡಿಸೆಂಬರ್ ಎಂದು ಹಿಡಿದರೆ ಹದಿಮೂರು ಸರಿ ಹೋಗುತ್ತದೆ. 1771 ಎಂದರೆ ಹನ್ನೆರಡೇ ಆಗಬೇಕಿತ್ತು.

ಎರಡನೆಯದು ಚರ್ಚಿನ ದಾಖಲೆ. ಬಾನ್‌ನ ಸಂತ ರೆಮಿಜಿಯಸ್ ಚರ್ಚಿನಲ್ಲಿ 1770ರ ಡಿಸೆಂಬರ್ 17ರಂದು ಲುಡೊವಿಕುಸ್ ಎಂಬ ಮಗುವಿಗೆ ಜ್ಞಾನಸ್ನಾನ ಆಗಿದೆ. ಬರವಣಿಗೆ ಲ್ಯಾಟಿನ್, ಲುಡ್ವಿಗ್ ಎಂಬುದೇ ಅಲ್ಲಿ ಲುಡೊವಿಕುಸ್. ತಂದೆ ಯೋಹಾನ್ ವಾನ್ ಬೀಥೋವನ್, ತಾಯಿ ಹೆಲೆನಾ ಕೆವೆರಿಕ್ಸ್. ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊತ್ತ ಜ್ಞಾನ ತಂದೆ ಅದರ ತಾತ ಲುಡ್ವಿಗ್, ಜ್ಞಾನ ತಾಯಿ 'ಬೌಮ್ಸ್ ಎಂದು ಕರೆಯಲ್ಪಡುವ' ಗರ್ಟ್ರೂಡ್ ಮ್ಯುಲ್ಲರ್ಸ್. ಜನನವನ್ನಲ್ಲ, ಜ್ಞಾನಸ್ನಾನವನ್ನು ಬರೆಯುವ ಪುಸ್ತಕ ಅದು. ಪಾದ್ರಿ ಎದುರಿಗೆ ಕೂಸನ್ನು ನೋಡಿ ಬರೆದದ್ದು. ಆಗ ಆ ಕೂಸು ಪಿಯಾನೊ ನುಡಿಸುತ್ತದೆ ಎಂದು ಯಾರಿಗೂ ಕನಸೂ ಇರಲಿಲ್ಲ.

ಇಲ್ಲಿಗೆ ಮುಗಿಯಿತು ಎನ್ನುವವರು ಜಾಸ್ತಿ. ನಿಜವಾದ ಸಿಕ್ಕು ಶುರುವಾಗುವುದೇ ಇಲ್ಲಿ. ಈ ದಾಖಲೆ ತನ್ನದಲ್ಲ ಎಂದು ಸ್ವತಃ ಬೀಥೋವನ್ ಹೇಳಿದ್ದರು.

1810ರಲ್ಲಿ ಅವರಿಗೆ ಜ್ಞಾನಸ್ನಾನದ ಪತ್ರ ಬೇಕಾಯಿತು. ಮದುವೆಯ ಯೋಚನೆ ಇತ್ತು ಎನ್ನುತ್ತಾರೆ. ಬಾಲ್ಯದ ಗೆಳೆಯ ವೆಗೆಲರ್‌ಗೆ ಮೇ 2ರಂದು ಕಾಗದ ಬರೆದು, ಒಂದು ವಿಷಯ ನೋಡಿಕೋ ಎಂದು ಎಚ್ಚರಿಸಿದರು: ತನಗಿಂತ ಮೊದಲು ಒಬ್ಬ ಅಣ್ಣ ಹುಟ್ಟಿ ತೀರಿಕೊಂಡಿದ್ದ, ಅವನ ಹೆಸರೂ ಲುಡ್ವಿಗ್, ಜೊತೆಗೆ ಮರಿಯಾ ಎಂದಿತ್ತು, ಮೊದಲು ಅವನ ದಾಖಲೆ ಹುಡುಕು. ತನ್ನ ವಯಸ್ಸು ಎಷ್ಟೆಂದು ತಾನೇ ತಿಳಿಯದೆ ಬದುಕಿದ್ದೇನೆ ಎಂದೂ ಅದೇ ಕಾಗದದಲ್ಲಿದೆ. ಜೂನ್‌ನಲ್ಲಿ ಬಾನ್‌ನಿಂದ ನಕಲು ಹೊರಟಿತು. ಊರು ಆಗ ಫ್ರೆಂಚರ ಕೈಯಲ್ಲಿದ್ದುದರಿಂದ ತಲೆಬರಹ ಫ್ರೆಂಚ್, ಒಳಗಿನ ಒಕ್ಕಣೆ ಲ್ಯಾಟಿನ್. ತಾರೀಖು 17 ಡಿಸೆಂಬರ್ 1770. ಬೀಥೋವನ್ ಅದರ ಹಿಂಬದಿಯಲ್ಲಿ '1772' ಎಂದು ಗೀಚಿ, ಈ ಪತ್ರ ಸರಿಯಿಲ್ಲವೆಂದು ಕಾಣುತ್ತದೆ, ನನಗಿಂತ ಮೊದಲು ಒಬ್ಬ ಲುಡ್ವಿಗ್ ಇದ್ದ ಎಂದು ಬರೆದರು.

ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದು ಆ ಕಾಲದಲ್ಲಿ ಸಾಮಾನ್ಯ. ಹಾಗಾಗಿ ಅವರ ಅನುಮಾನ ತಳ್ಳಿಹಾಕುವಂಥದ್ದಲ್ಲ. ನಾನು ಮಾಡಿದ್ದು, ಹುಡುಗನೊಬ್ಬನ ಸಾಲು ಬಿಟ್ಟು ಇಡೀ ಸಂಸಾರದ ಸಾಲುಗಳನ್ನು ಬರೆದುಕೊಂಡದ್ದು. ತಂದೆ ತಾಯಿಯ ಮದುವೆ 1767ರ ನವೆಂಬರ್. ಲುಡ್ವಿಗ್ ಮರಿಯಾನ ಜ್ಞಾನಸ್ನಾನ 1769ರ ಏಪ್ರಿಲ್ 2, ಆ ಕೂಸು ಬದುಕಿದ್ದು ಆರೇ ದಿನ. ಆಮೇಲೆ 1770ರ ಡಿಸೆಂಬರ್‌ನ ಲುಡ್ವಿಗ್. ಮುಂದಿನ ಮಗು ಕಾಸ್ಪರ್ ಕಾರ್ಲ್, 1774ರ ಏಪ್ರಿಲ್. ನಡುವೆ, ಅಂದರೆ 1771, 1772, 1773ರಲ್ಲಿ, ಈ ದಂಪತಿಗೆ ಮಗು ಹುಟ್ಟಿದ ದಾಖಲೆಯೇ ಇಲ್ಲ. ತೀರಿಹೋದ ಅಣ್ಣ ತನ್ನ 'ಮರಿಯಾ' ಸಮೇತ 1769ರಲ್ಲಿ ಬೇರೆಯಾಗಿಯೇ ಇದ್ದಾನೆ. 1770ರ ಸಾಲಿನಲ್ಲಿ ಮರಿಯಾ ಇಲ್ಲ. ಉಳಿದ ಒಬ್ಬ ಲುಡ್ವಿಗ್‌ಗೆ ಉಳಿದಿರುವುದು ಆ ಒಂದೇ ಸಾಲು.

ಇದಕ್ಕಿಂತ ನನಗೆ ಇಷ್ಟವಾದ ಸಾಕ್ಷಿ ಇನ್ನೊಂದಿದೆ. ಅದೇ ಹಿಂಬದಿಯಲ್ಲಿ ಬೀಥೋವನ್ 'ಬೌಮ್‌ಗಾರ್ಟನ್ ಎಂಬಾಕೆ ನನ್ನ ಜ್ಞಾನ ತಾಯಿ ಅನ್ನಿಸುತ್ತೆ' ಎಂಬರ್ಥದ ಮಾತು ಸೇರಿಸಿದ್ದಾರೆ. ಪತ್ರದ ಮುಂಬದಿಯಲ್ಲಿರುವ ಹೆಸರು ಬೌಮ್ಸ್. ಮಂಕಾದ ನೆನಪಿನಲ್ಲಿ ಬೌಮ್ಸ್ ಬೌಮ್‌ಗಾರ್ಟನ್ ಆಗಿರಬೇಕು. ಇದು ನನ್ನದಲ್ಲ ಎನ್ನಲು ಬರೆದ ಸಾಲೇ ಅದು ಅವರದೇ ಎಂದು ತೋರಿಸುತ್ತದೆ!

ಅವರ '1772'ಕ್ಕೆ ಆ ಜಾಹೀರಾತೂ ಸಾಕ್ಷಿ ಹೇಳಲ್ಲ. 1772ರ ಡಿಸೆಂಬರ್‌ನಲ್ಲಿ ಹುಟ್ಟಿದ್ದರೆ 1778ರ ಮಾರ್ಚ್‌ನಲ್ಲಿ ಐದು ವರ್ಷ ಮೂರು ತಿಂಗಳು. ಐದು ವರ್ಷದ ಮಗನನ್ನು ಆರು ಎಂದು ಹೆಚ್ಚಿಸಿ ಹೇಳುವ ಅಪ್ಪ ಆ ವ್ಯಾಪಾರದಲ್ಲಿ ಇರಲಾರ. ಮೊಜಾರ್ಟ್‌ನ ಅಪ್ಪ 1764ರಲ್ಲಿ ಲಂಡನ್‌ನ ಜಾಹೀರಾತಿನಲ್ಲಿ ಎಂಟು ದಾಟಿದ ಮಗನನ್ನು ಏಳು ಎಂದೇ ಬರೆಸಿದ್ದರು. ಕೈ ಹೋಗುವುದು ಯಾವಾಗಲೂ ಕಡಿಮೆ ಕಡೆಗೆ.

ಮೊಜಾರ್ಟ್ ಪ್ರಸಂಗದಿಂದ ಇನ್ನೊಂದು ಅಭ್ಯಾಸವೂ ನನಗೆ ಬಂತು. ಹುಡುಗನ ವಯಸ್ಸಿನ ಬಗ್ಗೆ ಅನುಮಾನಪಟ್ಟ ಡೇನ್ಸ್ ಬ್ಯಾರಿಂಗ್ಟನ್ ಎಂಬ ಇಂಗ್ಲಿಷ್ ವಕೀಲರು ಸಾಲ್ಜ್‌ಬರ್ಗ್‌ನಿಂದ ಚರ್ಚ್ ದಾಖಲೆಯ ನಕಲು ತರಿಸಿಕೊಂಡು ರಾಯಲ್ ಸೊಸೈಟಿಗೆ ವರದಿ ಕೊಟ್ಟರು. ವರ್ಷ ಸರಿ, 1756. ಆದರೆ ಅಚ್ಚಾದ ನಕಲಿನಲ್ಲಿ ತಾರೀಖು ಜನವರಿ 17 ಎಂದಾಗಿದೆ, ಇರಬೇಕಾದ್ದು 27. ದಾಖಲೆಯಿಂದ ಅಚ್ಚಿಗೆ ಬರುವ ದಾರಿಯಲ್ಲಿ ಎಲ್ಲೋ ಹತ್ತು ದಿನ ಮಾಯ. ಅದಕ್ಕೇ ನಕಲಿನಲ್ಲಿ ವರ್ಷದ ಜೊತೆ ತಂದೆ, ತಾಯಿ, ಜ್ಞಾನ ತಂದೆಯರ ಹೆಸರನ್ನೂ ಹೊಂದಿಸಿ ನೋಡುತ್ತೇನೆ. ಅಂಕಿ ಜಾರುವಷ್ಟು ಸುಲಭವಾಗಿ ನಾಲ್ಕು ಹೆಸರುಗಳು ಒಟ್ಟಿಗೆ ಜಾರುವುದಿಲ್ಲ.

ಯೋಹಾನ್ ಬೇಕೆಂದೇ ಕಡಿಮೆ ಹೇಳಿದರೋ, ಹೆಸರು ಒಂದೇ ಆದ ಇಬ್ಬರು ಮಕ್ಕಳ ನಡುವೆ ಲೆಕ್ಕ ತಪ್ಪಿದರೋ, ಕಾಗದಗಳಿಂದ ತೀರ್ಮಾನ ಆಗಲ್ಲ. ನನಗೆ ಮೊದಲನೆಯದೇ ನಿಜ ಅನ್ನಿಸುತ್ತೆ. ಆದರೆ ಮಕ್ಕಳ ಪುಸ್ತಕದಲ್ಲಿ 'ಅಪ್ಪ ಸುಳ್ಳು ಹೇಳಿದ' ಎಂದು ಹಾಕಿಸಲಿಲ್ಲ. ಹುಟ್ಟಿದ ದಿನವನ್ನೂ ಬಿಡಿಸಿದೆ. ದಾಖಲೆ ಇರುವುದು ಜ್ಞಾನಸ್ನಾನಕ್ಕೆ ಮಾತ್ರ. ಹುಟ್ಟಿದ ಮಾರನೇ ದಿನವೇ ಚರ್ಚಿಗೆ ಒಯ್ಯುತ್ತಿದ್ದರು ಎಂಬ ರೂಢಿಯ ಮೇಲೆ ಡಿಸೆಂಬರ್ 16 ಎಂದು ಊಹಿಸುತ್ತಾರೆ, ಅಷ್ಟೇ. ಕೊನೆಗೆ ಅಚ್ಚಿಗೆ ಹೋದ ವಾಕ್ಯ ಹೀಗಿತ್ತು: '1770ರ ಡಿಸೆಂಬರ್ 17ರಂದು ಬಾನ್‌ನಲ್ಲಿ ಜ್ಞಾನಸ್ನಾನ. 1778ರ ಮಾರ್ಚ್‌ನಲ್ಲಿ ಏಳು ವರ್ಷ ಮೂರು ತಿಂಗಳಿನವನಾಗಿದ್ದಾಗ ಕೊಲೋನ್‌ನಲ್ಲಿ ಕಛೇರಿ. ಪ್ರಕಟಣೆಯಲ್ಲಿ ಆರು ಎಂದಿದೆ.' ಮೂರನೇ ವಾಕ್ಯ ಯಾಕೆ ಬೇಕು ಎಂದು ಸಂಪಾದಕರು ಮತ್ತೆ ಕೇಳಿದರು. ಅದನ್ನು ತೆಗೆದರೆ, ಬೇರೆ ಪುಸ್ತಕದಲ್ಲಿ 'ಆರು' ಓದಿದ ಯಾರಾದರೂ ನಮ್ಮದನ್ನು ತಿದ್ದಿಬಿಡುತ್ತಾರೆ ಎಂದೆ. ಉಳಿಸಿಕೊಂಡರು.