ಮಾಮಾನ ಸಾಲದ ಬಡ್ಡಿ ಲೆಕ್ಕ: ನಾನು ಮಾಡಿದ ರೀತಿ

ಬೋರ್‌ವೆಲ್ ಹೊಡೆಸಿ ಪೈಪ್‌ಲೈನ್ ಮಾಡಿಸಲು 2023ರ ಏಪ್ರಿಲ್ 10ರಂದು ಸೋದರಮಾವನ ಕಡೆಯಿಂದ ಎರಡು ಲಕ್ಷ ರೂಪಾಯಿ ತಗೊಂಡಿದ್ದೆ. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ, ಅಂದರೆ ವರ್ಷಕ್ಕೆ ಶೇಕಡಾ 12. ನಮ್ಮ ಮುಧೋಳ ಕಡೆ ಒಕ್ಕಲುತನದ ರೊಕ್ಕ ತಿಂಗಳಾ ತಿಂಗಳಾ ಬರುವುದಿಲ್ಲ. ಹಾಗಾಗಿ ಕಂತು ಅಂತ ಏನೂ ಇರಲಿಲ್ಲ. ಕೈಗೆ ಬಂದಾಗ ಕೊಡುವುದು, ಅಷ್ಟೇ ಮಾತು.

2025ರ ಜನವರಿ 10ಕ್ಕೆ ಸಾಲ ಮುಗಿಸೋಣ ಅಂತ ಕೂತಾಗ ಮಾಮಾ ಹೇಳಿದ್ದು: "21 ತಿಂಗಳಾತು ನೋಡಪಾ. ತಿಂಗಳಿಗೆ ಎರಡು ಸಾವಿರ ಹಿಡಿದ್ರ 42 ಸಾವಿರ ಬಡ್ಡಿ ಆಗ್ತದ." ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನಡುವೆ ನಾನು ಕೊಟ್ಟ ರೊಕ್ಕ ಅವರ ಕೈ ಸೇರಿದ ಮೇಲೂ ಆ ರೊಕ್ಕಕ್ಕೆ ನಾನೇ ಬಡ್ಡಿ ಕೊಟ್ಟಂತಾಗುತ್ತಿತ್ತು. ಉಳಿದ ಅಸಲಿನ ಮೇಲೆ ಮಾತ್ರ, ದಿನ ಎಣಿಸಿ ಬಡ್ಡಿ ಹಾಕೋಣ ಅಂದೆ. ಒಪ್ಪಿದರು.

ಮೊದಲು ತಾರೀಖು ಕೂಡಿಸಿದೆವು. ಫೋನಿನಿಂದ ಕಳಿಸಿದ್ದು ಪಾಸ್‌ಬುಕ್‌ನಲ್ಲಿತ್ತು. ಅತ್ತೆಯ ಕೈಗೆ ಕೊಟ್ಟ ಐದು ಸಾವಿರದ ತಾರೀಖು ಅವರ ಕ್ಯಾಲೆಂಡರಿನ ಮೇಲೆ ಬರೆದಿತ್ತು. ಮೂರು ಜಮಾ ಸಿಕ್ಕವು: 2023ರ ಆಗಸ್ಟ್ 25ಕ್ಕೆ 5,000, ಕಬ್ಬಿನ ಬಿಲ್ಲು ಬಂದ ಮೇಲೆ 2024ರ ಜನವರಿ 20ಕ್ಕೆ 60,000, ಅರಿಷಿಣ ಮಾರಿ ಮೇ 15ಕ್ಕೆ 50,000. ಸಾಲ ತಗೊಂಡ ದಿನ ಬಿಟ್ಟು, ತೀರಿಸಿದ ದಿನ ಸೇರಿಸಿ ಎಣಿಸುವುದು, 2024 ಅಧಿಕ ವರ್ಷವಾದರೂ 365ರಿಂದಲೇ ಭಾಗಿಸುವುದು ಅಂತ ಮೊದಲೇ ಮಾತಾಡಿಕೊಂಡೆವು.

ಏಪ್ರಿಲ್ 10ರಿಂದ ಆಗಸ್ಟ್ 25ರ ತನಕ 137 ದಿನ. ಎರಡು ಲಕ್ಷಕ್ಕೆ ವರ್ಷದ ಬಡ್ಡಿ 24,000. ಅದನ್ನು 137ರಿಂದ ಗುಣಿಸಿ 365ರಿಂದ ಭಾಗಿಸಿದರೆ 9,008. ನಾನು ಕೊಟ್ಟಿದ್ದು ಬರೀ 5,000. ಜಮಾ ಆದ ರೊಕ್ಕ ಮೊದಲು ಬಡ್ಡಿಗೆ, ಮಿಕ್ಕಿದ್ದು ಅಸಲಿಗೆ ಹೋಗಬೇಕು. ಇಲ್ಲಿ ಬಡ್ಡಿಯೇ ಪೂರ್ತಿ ತೀರಲಿಲ್ಲ, ಆದ್ದರಿಂದ ಅಸಲು ಒಂದು ರೂಪಾಯಿಯೂ ಇಳಿಯಲಿಲ್ಲ. ಉಳಿದ 4,008ನ್ನು ಏನು ಮಾಡುವುದು ಅನ್ನುವಲ್ಲೇ ಲೆಕ್ಕ ದಾರಿ ತಪ್ಪುತ್ತದೆ. ಅದನ್ನು ಅಸಲಿಗೆ ಸೇರಿಸಿಬಿಟ್ಟರೆ ಬಡ್ಡಿಗೆ ಬಡ್ಡಿ ಬಿದ್ದು ಚಕ್ರಬಡ್ಡಿ ಆಗುತ್ತದೆ, ನಮ್ಮ ಮಾತು ಅದಾಗಿರಲಿಲ್ಲ. ಅದಕ್ಕೇ "ಬಾಕಿ ಬಡ್ಡಿ" ಅಂತ ಬೇರೆ ಮನೆ ಮಾಡಿ ಅಲ್ಲಿ ಬರೆದೆ. ನಮ್ಮ ಲೆಕ್ಕದಲ್ಲಿ ಇದರಿಂದ ಕೊನೆಗೆ ಆದ ಫರಕು 219 ರೂಪಾಯಿ ಮಾತ್ರ. ಬಡ್ಡಿಗೂ ಸಾಲದಷ್ಟು ಸಣ್ಣ ಸಣ್ಣ ಮೊತ್ತವನ್ನೇ ವರ್ಷಗಟ್ಟಲೆ ಕೊಡುವವರಿಗೆ ಮಾತ್ರ ಇದು ದೊಡ್ಡದಾಗುತ್ತದೆ.

ಮುಂದಿನ 148 ದಿನಕ್ಕೆ ಮತ್ತೆ ಎರಡು ಲಕ್ಷದ ಮೇಲೆಯೇ ಬಡ್ಡಿ 9,732. ಹಳೆ ಬಾಕಿ ಕೂಡಿ 13,740. ಕಬ್ಬಿನ 60,000ದಲ್ಲಿ ಇದು ಹೋಗಿ 46,260 ಅಸಲಿಗೆ ಬಿತ್ತು, ಅಸಲು 1,53,740ಕ್ಕೆ ಇಳಿಯಿತು. ಆಮೇಲಿನ 116 ದಿನಕ್ಕೆ ಬಡ್ಡಿ 5,863, ಅರಿಷಿಣದ ರೊಕ್ಕ ಜಮಾ ಆದ ಮೇಲೆ ಅಸಲು 1,09,603. ಕೊನೆಯ 240 ದಿನಕ್ಕೆ 8,648. ಎಲ್ಲ ಸೇರಿ ಬಡ್ಡಿ 33,251. ಮಾಮಾ ಹೇಳಿದ 42 ಸಾವಿರಕ್ಕಿಂತ 8,749 ಕಡಿಮೆ.

ಇದನ್ನೇ ಮೊಬೈಲಿನ ಶೀಟ್‌ನಲ್ಲೂ ಹಾಕಿದೆ. A ತಾರೀಖು, B ಜಮಾ, C ಬಡ್ಡಿ, D ಬಾಕಿ ಬಡ್ಡಿ, E ಅಸಲು. ಎರಡನೇ ಸಾಲಿನಲ್ಲಿ ಸಾಲ ತಗೊಂಡ ತಾರೀಖು, D2ರಲ್ಲಿ ಸೊನ್ನೆ, E2ರಲ್ಲಿ 200000. ಮೂರನೇ ಸಾಲಿಗೆ C, D, E ಮನೆಗಳಲ್ಲಿ ಕ್ರಮವಾಗಿ:

```
=ROUND(E2*12%*(A3-A2)/365,0)
=MAX(0,D2+C3-B3)
=E2-MAX(0,B3-C3-D2)
```

ಇವನ್ನು ಕೆಳಗೆ ಎಳೆದರೆ ಸಾಕು. ಶೀಟ್ ತಾರೀಖಿನ ತಿಂಗಳು ಮತ್ತು ದಿನವನ್ನು ಅದಲುಬದಲಾಗಿ ಓದಿಕೊಂಡಿದೆಯೋ ನೋಡಬೇಕು. ಅದನ್ನು ಪತ್ತೆ ಹಚ್ಚಲು A3-A2 ಒಂದನ್ನೇ ಬೇರೆ ಮನೆಯಲ್ಲಿ ಹಾಕಿ ನೋಡಿದೆ, 137 ಬಂತು. ಕೊನೆಗೊಂದು ತಾಳೆಯೂ ಇದೆ: ಕೊಟ್ಟ ರೊಕ್ಕವೆಲ್ಲ ಕೂಡಿಸಿದರೆ ಸಾಲ ಮತ್ತು ಬಡ್ಡಿ ಕೂಡಿದಷ್ಟೇ ಆಗಬೇಕು. ನಮ್ಮದು 5,000, 60,000, 50,000 ಮತ್ತು ಕೊನೆಯ 1,18,251 ಕೂಡಿ 2,33,251. ಸರಿಹೋಯಿತು.

ಮಾಮಾ ಕ್ಯಾಲ್ಕ್ಯುಲೇಟರ್ ಹಿಡಿದು ಒಂದೊಂದೇ ಸಾಲು ತಾವೂ ಮಾಡಿ ನೋಡಿದರು. "ಅತ್ತಿ ಕೈಯಾಗ ಕೊಟ್ಟ ಐದು ಸಾವಿರ ಅಸಲಿಗೆ ಯಾಕ ಹೋಗಲಿಲ್ಲಪಾ?" ಅಂತ ಅವರೇ ನನ್ನ ಪರವಾಗಿ ಕೇಳಿದ್ದು ನಗು ತರಿಸಿತು. ಬ್ಯಾಂಕಿನಿಂದ ರೊಕ್ಕ ತೆಗೆಯುವುದು ಮೂರು ದಿನ ತಡವಾಯಿತು. ಆ ಅಸಲಿಗೆ ದಿನಕ್ಕೆ 36 ರೂಪಾಯಿಯಂತೆ 108 ಸೇರಿಸಿ 1,18,359 ಕೊಟ್ಟು, ಬರೆದುಕೊಟ್ಟಿದ್ದ ಕಾಗದ ವಾಪಸ್ ತಗೊಂಡೆ.